ನಿಮ್ಮ ಟಾಕಿ ಅಳೆದು ಬರೆಯಿರಿ: ಫ್ಲೋಟ್ ಸೆನ್ಸರ್ ವಾಟರ್ ಲೆವೆಲ್ ಕಂಟ್ರೋಲರ್ ರಿಪೋರ್ಟಿಗೆ ಇಂಟ್ರೊಡಕ್ಷನ್ ಬರೆಯುವ ಬಗೆ

ಕಲಬುರಗಿಯಲ್ಲಿ ಡಿಪ್ಲೊಮಾ ಮಕ್ಕಳ ಪ್ರಾಜೆಕ್ಟ್ ನೋಡಿಕೊಳ್ಳುವ ಕೆಲಸ ನನ್ನದು. ಪ್ರತಿ ವರ್ಷ ಒಂದಲ್ಲ ಒಂದು ಟೀಮ್ ಫ್ಲೋಟ್ ಸೆನ್ಸರ್ ಹಾಕಿ ನೀರಿನ ಟ್ಯಾಂಕಿಗೆ ಆಟೋಮ್ಯಾಟಿಕ್ ಕಂಟ್ರೋಲರ್ ಮಾಡುತ್ತದೆ. ಸರ್ಕ್ಯೂಟ್ ಓಡುತ್ತದೆ, ಮೋಟರ್ ನಿಲ್ಲುತ್ತದೆ, ಎಲ್ಲ ಸರಿ. ಆದರೆ ರಿಪೋರ್ಟ್ ಬರೆಯಲು ಕೂತಾಗ ಮೊದಲನೇ ಅಧ್ಯಾಯದಲ್ಲೇ ಕೈ ನಿಂತುಬಿಡುತ್ತದೆ. ಆಗ ಹಳೆ ಬ್ಯಾಚಿನ ಫೈಲ್ ತಂದು "ನೀರು ಜೀವಜಲ, ಭೂಮಿಯ ಮುಕ್ಕಾಲು ಭಾಗ ನೀರು" ಅಂತ ಶುರು ಮಾಡುತ್ತಾರೆ. ವೈವಾ ದಿನ ಹೊರಗಿನಿಂದ ಬಂದ ಪರೀಕ್ಷಕರು ಅದೇ ಪುಟ ತೆರೆದು "ನೀರು ಉಳಿಯುತ್ತದೆ ಅಂತ ಬರೆದಿದ್ದೀರಿ, ಎಷ್ಟು ಲೀಟರ್?" ಅಂತ ಕೇಳುತ್ತಾರೆ. ನಾಲ್ಕೂ ಜನ ಒಬ್ಬರ ಮುಖ ಒಬ್ಬರು ನೋಡುತ್ತಾರೆ.

ಹಾಗಾಗಬಾರದು ಅಂತಲೇ ಇದನ್ನು ಬರೆಯುತ್ತಿದ್ದೇನೆ. ನನ್ನ ಪ್ರಕಾರ ಈ ಪ್ರಾಜೆಕ್ಟಿನ ಇಂಟ್ರೊಡಕ್ಷನ್ ಪುಸ್ತಕದಿಂದ ಬರುವುದಲ್ಲ, ಒಂದು ಟ್ಯಾಂಕಿನಿಂದ ಬರುವುದು. ಯಾವುದಾದರೂ ಒಂದು ಮನೆಯ ಒಂದು ಟ್ಯಾಂಕ್ ಆರಿಸಿಕೊಳ್ಳಿ, ಅದನ್ನು ಅಳೆಯಿರಿ. ಅಧ್ಯಾಯದ ಅರ್ಧ ಅಲ್ಲೇ ಸಿಗುತ್ತದೆ. ಇಲ್ಲಿ ಆಳಂದ ರಸ್ತೆ ಕಡೆಯ ಒಂದು ಮನೆಯನ್ನು ಉದಾಹರಣೆಗೆ ತೆಗೆದುಕೊಂಡಿದ್ದೇನೆ. ಟೀಮಿನ ಒಬ್ಬ ಹುಡುಗನ ಮನೆ ಅದು. ಮೇಲೆ 1000 ಲೀಟರಿನ ಪ್ಲಾಸ್ಟಿಕ್ ಟ್ಯಾಂಕ್, ಕೆಳಗೆ ಸಂಪು, ನಡುವೆ ಅರ್ಧ ಎಚ್‌ಪಿ ಮೋಟರ್.

ಪೆನ್ನು ಹಿಡಿಯುವ ಮೊದಲು ಒಂದು ವಾರ

ಮೊದಲು ಮನೆಯವರನ್ನು ಮಾತಾಡಿಸಿ. ನಾನು ಆ ಹುಡುಗನಿಗೆ "ಈಗ ಮೋಟರ್ ಯಾರು ಬಂದ್ ಮಾಡ್ತಾರೆ, ಯಾವಾಗ ಮಾಡ್ತಾರೆ?" ಅಂತ ಕೇಳಿದೆ. ಅವನು ಹೇಳಿದ್ದು ಇದು: "ಟಾಕಿ ತುಂಬಿ ಹರದ್ರ ಮ್ಯಾಗಿನ ನೀರು ಗೋಡಿಗುಂಟ ಬರ್ತದ್ರಿ ಸರ್. ಆವಾಗ ಅವ್ವ ಒದರ್ತಾಳ, ನಾ ಓಡಿ ಹೋಗಿ ಮೋಟರ್ ಬಂದ್ ಮಾಡ್ತೀನ್ರಿ." ಅವನ ಈ ಮಾತಲ್ಲೇ ಇಡೀ ಪ್ರಾಜೆಕ್ಟಿನ ತೊಂದರೆ ಇದೆ. ಟ್ಯಾಂಕ್ ತುಂಬಿದೆ ಅಂತ ಗೊತ್ತಾಗುವುದೇ ನೀರು ಹೊರಗೆ ಹರಿದ ಮೇಲೆ. ಇದನ್ನು ಕಾಪಿಯಲ್ಲಿ ಬರೆದುಕೊಳ್ಳಿ ಅಂದೆ.

ಆಮೇಲೆ ಅಳತೆ. ಟ್ಯಾಂಕಿನ ಒಳಗಿನ ಅಡ್ಡಳತೆ 106 ಸೆಂಟಿಮೀಟರ್ ಬಂತು. ಅದರಿಂದ ವೃತ್ತದ ವಿಸ್ತೀರ್ಣ ಲೆಕ್ಕ ಹಾಕಿದರೆ, ನೀರು 1 ಸೆಂಟಿಮೀಟರ್ ಏರಿದರೆ ಸುಮಾರು 8.8 ಲೀಟರ್ ಆಗುತ್ತದೆ. ಈ ಒಂದು ಅಂಕಿ ಕೈಯಲ್ಲಿದ್ದರೆ ಮುಂದಿನದೆಲ್ಲ ಸುಲಭ. ಮನೆಯ ಎಲ್ಲ ನಳ ಬಂದ್ ಮಾಡಿಸಿ ಮೋಟರ್ ಹಾಕಿದರು, 6 ನಿಮಿಷದಲ್ಲಿ ನೀರು 20 ಸೆಂಟಿಮೀಟರ್ ಏರಿತು. ಅಂದರೆ 176 ಲೀಟರ್, ನಿಮಿಷಕ್ಕೆ 29 ಲೀಟರ್ ಚಿಲ್ಲರೆ. ನಳ ಬಂದ್ ಮಾಡಿಸುವುದು ಮರೆತರೆ ಈ ಲೆಕ್ಕ ಕಡಿಮೆ ಬರುತ್ತದೆ, ಗೊತ್ತೇ ಆಗುವುದಿಲ್ಲ. ಅದಕ್ಕೇ ಇನ್ನೊಂದು ದಾರಿಯಲ್ಲಿ ತಾಳೆ ನೋಡಬೇಕು. ಟ್ಯಾಂಕ್ ತುಂಬಿ ಹರಿಯುವಾಗ ಓವರ್‌ಫ್ಲೋ ಪೈಪಿನ ಕೆಳಗೆ 15 ಲೀಟರಿನ ಬಕೆಟ್ ಹಿಡಿದರು, 31 ಸೆಕೆಂಡಿಗೆ ತುಂಬಿತು. ಅದೂ ನಿಮಿಷಕ್ಕೆ 29 ಲೀಟರ್. ಎರಡು ಬೇರೆ ಬೇರೆ ಅಳತೆ ಒಂದೇ ಕಡೆ ಬಂದು ಕೂತರೆ ಧೈರ್ಯವಾಗಿ ಬರೆಯಬಹುದು. ಎರಡರ ನಡುವೆ ಜಾಸ್ತಿ ವ್ಯತ್ಯಾಸ ಇದ್ದರೆ ಎಲ್ಲೋ ನಳ ತೆರೆದಿದೆ, ಇಲ್ಲವೇ ಅಡ್ಡಳತೆ ಹೊರಗಿನಿಂದ ತೆಗೆದಿದ್ದೀರಿ.

ಮೂರನೆಯದು ವಾರದ ಚೀಟಿ. ಮೋಟರ್ ಸ್ವಿಚ್ ಪಕ್ಕ ಒಂದು ಕಾಪಿ ತೂಗುಹಾಕಿ, ಓವರ್‌ಫ್ಲೋ ಶುರುವಾದ ಹೊತ್ತು ಮತ್ತು ಮೋಟರ್ ನಿಲ್ಲಿಸಿದ ಹೊತ್ತು ಬರೆಯಲು ಹೇಳಿ. ಈ ಮನೆಯಲ್ಲಿ 7 ದಿನದಲ್ಲಿ 4 ದಿನ ಹರಿಯಿತು, ಎಲ್ಲ ಸೇರಿ 52 ನಿಮಿಷ. 52 ಅನ್ನು 29ರಿಂದ ಗುಣಿಸಿದರೆ ಸುಮಾರು 1500 ಲೀಟರ್. ಒಂದೂವರೆ ಟ್ಯಾಂಕ್ ನೀರು ಗೋಡೆಗುಂಟ ಹೋಯಿತು.

ಇದೇ ಲೆಕ್ಕವನ್ನು ಕರೆಂಟಿಗೂ ಹಾಕಿ ನೋಡಿ, ಯಾಕೆಂದರೆ ಹತ್ತರಲ್ಲಿ ಒಂಬತ್ತು ರಿಪೋರ್ಟಿನಲ್ಲಿ "ವಿದ್ಯುತ್ ಉಳಿತಾಯ" ಅಂತ ದಪ್ಪ ಅಕ್ಷರದಲ್ಲಿ ಇರುತ್ತದೆ. ಅರ್ಧ ಎಚ್‌ಪಿ ಅಂದರೆ ಶಾಫ್ಟಿನಲ್ಲಿ ಸಿಗುವುದು 373 ವ್ಯಾಟ್, ಲೈನಿನಿಂದ ಎಳೆಯುವುದು ಅದಕ್ಕಿಂತ ಜಾಸ್ತಿ. 650 ವ್ಯಾಟ್ ಅಂತಲೇ ಹಿಡಿಯಿರಿ. 52 ನಿಮಿಷಕ್ಕೆ ಅರ್ಧ ಯುನಿಟ್‌ಗಿಂತ ಸ್ವಲ್ಪ ಜಾಸ್ತಿ, ಅಷ್ಟೇ. ವಾರಕ್ಕೆ ಅರ್ಧ ಯುನಿಟ್ ಉಳಿಸಲು ಯಾರೂ ಕಂಟ್ರೋಲರ್ ಹಾಕಿಸುವುದಿಲ್ಲ, ಅಲ್ವಾ? ಹಾಗಾಗಿ ಈ ಮನೆಯ ರಿಪೋರ್ಟಿನಲ್ಲಿ ಕರೆಂಟನ್ನು ದೊಡ್ಡ ಕಾರಣವಾಗಿ ಬರೆಯಬೇಡಿ ಅಂದೆ. ನೀರು ಒಂದು ಕಾರಣ. ಇನ್ನೊಂದು, ಸಂಪು ಖಾಲಿಯಾದ ಮೇಲೂ ಮೋಟರ್ ಓಡುವುದು. ಪಂಪಿನ ಶಾಫ್ಟಿನ ಹತ್ತಿರ ಇರುವ ಸೀಲು ನೀರಿನಿಂದಲೇ ತಣ್ಣಗಿರುತ್ತದೆ. ನೀರಿಲ್ಲದೆ ಓಡಿದರೆ ಅದು ಕಾಯ್ದು ಸವೆಯುತ್ತದೆ, ಆಮೇಲೆ ಅಲ್ಲಿಂದ ನೀರು ತೊಟ್ಟಿಕ್ಕಲು ಶುರುವಾಗುತ್ತದೆ. ನಿಮ್ಮ ಮೋಟರಿನ ಕೆಳಗೆ ಯಾವಾಗಲೂ ಹಸಿ ಇದ್ದರೆ ಒಮ್ಮೆ ಬಗ್ಗಿ ನೋಡಿ. ಸೀಲು ಹೋಗಿದ್ದರೆ ಆ ಫೋಟೋ ರಿಪೋರ್ಟಿಗೆ ಬೇಕು.

ಮೊದಲ ಪ್ಯಾರಾ

ಈಗ ಬರೆಯಬಹುದು. ರಿಪೋರ್ಟ್ ಇಂಗ್ಲಿಷಿನಲ್ಲಿ ಕೊಡಬೇಕಾಗಿದ್ದರೂ ಮೊದಲು ಕನ್ನಡದಲ್ಲೇ ಬರೆದುಕೊಳ್ಳಿ. ನಿಮಗೆ ಅರ್ಥವಾಗಿದ್ದು ಯಾವುದು, ಸುಮ್ನೆ ಕಾಪಿ ಹೊಡೆದಿದ್ದು ಯಾವುದು ಅಂತ ಕನ್ನಡದಲ್ಲಿ ಬೇಗ ಗೊತ್ತಾಗುತ್ತದೆ.

ಮೊದಲ ವಾಕ್ಯದಲ್ಲೇ ಟ್ಯಾಂಕ್ ಬರಲಿ. ಆ ಟೀಮಿನ ಪ್ಯಾರಾ ಕೊನೆಗೆ ಹೀಗೆ ನಿಂತಿತು:

"ಕಲಬುರಗಿಯ ಒಂದು ಮನೆಯಲ್ಲಿ 1000 ಲೀಟರಿನ ಮೇಲಿನ ಟ್ಯಾಂಕನ್ನು ಅರ್ಧ ಎಚ್‌ಪಿ ಮೋಟರಿನಿಂದ ಸಂಪಿನ ನೀರು ಎತ್ತಿ ತುಂಬಿಸುತ್ತಾರೆ. ಟ್ಯಾಂಕ್ ತುಂಬಿದ್ದು ತಿಳಿಯುವುದು ನೀರು ಹೊರಗೆ ಹರಿದಾಗ ಮಾತ್ರ. 7 ದಿನ ಗಮನಿಸಿದಾಗ 52 ನಿಮಿಷ ನೀರು ಹರಿದುಹೋಯಿತು. ಅಳೆದ ಹರಿವಿನ ಪ್ರಕಾರ ಇದು ಸುಮಾರು 1500 ಲೀಟರ್. ಸಂಪಿನಲ್ಲಿ ನೀರು ಮುಗಿದಾಗ ಮೋಟರ್ ನಿಲ್ಲಿಸಲು ಯಾವ ವ್ಯವಸ್ಥೆಯೂ ಇಲ್ಲ."

ಐದು ವಾಕ್ಯ. ಇದರಲ್ಲಿ ಯಾವ ವಾಕ್ಯದ ಮೇಲೆ ಬೆರಳಿಟ್ಟು ಕೇಳಿದರೂ ಹುಡುಗರ ಹತ್ತಿರ ಉತ್ತರ ಇದೆ. "ಅಳೆದ ಹರಿವು ಎಷ್ಟು?" ಅಂದರೆ ಬಕೆಟ್ಟಿನ ಕಥೆ ಹೇಳಬಹುದು. ಒಂದು ಎಚ್ಚರಿಕೆ: 1500 ಲೀಟರನ್ನು 52 ವಾರಕ್ಕೆ ಗುಣಿಸಿ, ಊರಿನ ಮನೆಗಳ ಸಂಖ್ಯೆಗೆ ಗುಣಿಸಿ, ಕೋಟಿ ಲೀಟರ್ ಉಳಿತಾಯ ಅಂತ ಬರೆಯಬೇಡಿ. ನೀವು ನೋಡಿದ್ದು ಒಂದು ಮನೆ, ಒಂದು ವಾರ. ಅಷ್ಟನ್ನೇ ಹೇಳಿ.

ಫ್ಲೋಟ್ ಯಾಕೆ ಆರಿಸಿದಿರಿ

ಎರಡನೇ ಪ್ಯಾರಾ ಈಗಿರುವ ಬೇರೆ ದಾರಿಗಳ ಬಗ್ಗೆ. ಇಲ್ಲಿ ಹತ್ತು ಬಗೆ ಪಟ್ಟಿ ಮಾಡಬೇಡಿ, ನಿಮ್ಮ ಟ್ಯಾಂಕಿಗೆ ನಿಜವಾಗಿ ಹಾಕಬಹುದಾಗಿದ್ದ ಮೂರು ಸಾಕು. ಪ್ರತಿಯೊಂದಕ್ಕೂ ಯಾಕೆ ಬಿಟ್ಟಿರಿ ಅಂತ ಒಂದು ಕಾರಣ ಕೊಡಿ.

ಅಂಗಡಿಯಲ್ಲಿ ಸಿಗುವ ಬಾಲ್ ವಾಲ್ವ್ ಒಂದು. ಟ್ಯಾಂಕ್ ತುಂಬಿದರೆ ಅದು ಪೈಪಿನ ಬಾಯಿ ಮುಚ್ಚುತ್ತದೆ, ಆದರೆ ಮೋಟರಿಗೆ ಅದು ಗೊತ್ತಾಗುವುದಿಲ್ಲ, ಮುಚ್ಚಿದ ಪೈಪಿನ ವಿರುದ್ಧ ತಿರುಗುತ್ತಲೇ ಇರುತ್ತದೆ. ಎರಡನೆಯದು ಲೋಹದ ಕಡ್ಡಿ, ಅಂದರೆ ಪ್ರೋಬ್. ಅಗ್ಗ, ಸರ್ಕ್ಯೂಟ್ ಸುಲಭ, ಅದಕ್ಕೇ ಹೆಚ್ಚಿನ ಟೀಮ್ ಇದನ್ನೇ ಮಾಡುತ್ತವೆ. ಆದರೆ ನಮ್ಮ ಕಡೆಯ ನೀರು ನೋಡಿ. ಶಹಾಬಾದ್, ಸೇಡಂ, ಚಿತ್ತಾಪುರ ಕಡೆ ಎಲ್ಲ ಸುಣ್ಣದ ಕಲ್ಲಿನ ನೆಲ, ಮನೆಯಲ್ಲಿ ಹಾಸುವ ಶಹಾಬಾದ್ ಕಲ್ಲೂ ಸುಣ್ಣದ ಕಲ್ಲೇ. ಅಂಥ ನೆಲದ ಬೋರಿನ ನೀರು ಗಡಸು. ಬಕೆಟ್ಟಿನ ಅಂಚಿಗೆ, ನಳದ ಬಾಯಿಗೆ ಬಿಳಿ ಪದರ ಕಟ್ಟುತ್ತದಲ್ಲ, ಅದೇ ಪದರ ಕಡ್ಡಿಯ ಮೇಲೂ ಕಟ್ಟುತ್ತದೆ. ಕಡ್ಡಿ ಮತ್ತು ನೀರಿನ ನಡುವೆ ಕರೆಂಟ್ ಹರಿಯುವುದು ಕಡಿಮೆಯಾಗುತ್ತಾ ಹೋಗುತ್ತದೆ. ಡಿಸಿ ಕೊಟ್ಟಿದ್ದರೆ ಒಂದು ಕಡ್ಡಿ ತಿಂದುಹೋಗುವುದೂ ಇದೆ. ಲ್ಯಾಬಿನ ಬಕೆಟ್ಟಿನಲ್ಲಿ ಒಂದು ತಾಸು ಚೆನ್ನಾಗಿ ನಡೆದದ್ದು ಮನೆಯ ಟ್ಯಾಂಕಿನಲ್ಲಿ ತಿಂಗಳು ಕಳೆದ ಮೇಲೆ ತಪ್ಪು ಹೇಳಲು ಶುರು ಮಾಡುತ್ತದೆ. ಮೂರನೆಯದು ಅಲ್ಟ್ರಾಸೋನಿಕ್. ಅದು ಒಳ್ಳೆಯದೇ, ನೀರು ಎಷ್ಟು ಎತ್ತರ ಇದೆ ಅಂತ ಪ್ರತಿ ಗಳಿಗೆ ಹೇಳುತ್ತದೆ, ಫ್ಲೋಟಿಗೆ ಅದು ಆಗುವುದಿಲ್ಲ. ಆದರೆ ಮುಚ್ಚಿದ ಟ್ಯಾಂಕಿನ ಮುಚ್ಚಳದ ಒಳಗೆ ಬಿಸಿಲಿಗೆ ಹಬೆ ಕಟ್ಟಿ ಹನಿ ಕೂರುತ್ತದೆ, ಕಡಿಮೆ ಬೆಲೆಯ ತೆರೆದ ಸೆನ್ಸರ್ ಅದನ್ನು ತಾಳುವುದಿಲ್ಲ. ಜೊತೆಗೆ ಪ್ರೋಗ್ರಾಂ ಬರೆದ ಬೋರ್ಡ್ ಬೇಕು.

ಫ್ಲೋಟಿನ ಗುಣ ಬರೆಯುವಾಗ ಅದು ಹೇಗೆ ಕೆಲಸ ಮಾಡುತ್ತದೆ ಅಂತ ಎರಡು ವಾಕ್ಯ ಸಾಕು. ಕಡ್ಡಿಯ ಒಳಗೆ ಗಾಜಿನ ಕೊಳವೆಯಲ್ಲಿ ಮುಚ್ಚಿದ ಚಿಕ್ಕ ರೀಡ್ ಸ್ವಿಚ್, ತೇಲುವ ಗುಂಡಿನಲ್ಲಿ ಆಯಸ್ಕಾಂತ. ಗುಂಡು ಏರಿದಾಗ ಸ್ವಿಚ್ ಕೂಡುತ್ತದೆ ಅಥವಾ ಬಿಡುತ್ತದೆ, ನೀರು ಕರೆಂಟಿಗೆ ತಾಗುವುದೇ ಇಲ್ಲ. ದೋಷವನ್ನೂ ಅದೇ ಪ್ಯಾರಾದಲ್ಲಿ ಬರೆಯಿರಿ: ಸುಣ್ಣ ಜಾಸ್ತಿ ಕಟ್ಟಿದರೆ ಗುಂಡು ಕಡ್ಡಿಗೆ ಅಂಟಿಕೊಳ್ಳಬಹುದು, ಆಗಾಗ ತೆಗೆದು ಒರೆಸಬೇಕು. ಫ್ಲೋಟಿಗೆ ದೋಷವೇ ಇಲ್ಲ ಅಂತ ಬರೆದರೆ ಓದುವವರು ಮೇಲಿನ ಯಾವುದನ್ನೂ ನಂಬುವುದಿಲ್ಲ.

ಎರಡು ಫ್ಲೋಟ್ ಬೇಕು ಅನ್ನುವುದನ್ನು ಲೆಕ್ಕದಿಂದ ತೋರಿಸಿ

ಇಂಟ್ರೊಡಕ್ಷನ್ನಿನ ನಡು ಭಾಗ ಇದೇ, ಇಲ್ಲಿ ಅವಸರ ಮಾಡಬೇಡಿ. "ಒಂದೇ ಫ್ಲೋಟ್ ಸಾಕಲ್ಲ?" ಅನ್ನುವುದು ವೈವಾದಲ್ಲಿ ಬಂದೇ ಬರುವ ಪ್ರಶ್ನೆ.

ಮೇಲೆ ಒಂದೇ ಚಿಕ್ಕ ಫ್ಲೋಟ್ ಇದೆ ಅಂದುಕೊಳ್ಳಿ. ಅದು ಕೂಡುವುದಕ್ಕೂ ಬಿಡುವುದಕ್ಕೂ ನಡುವೆ 2 ಸೆಂಟಿಮೀಟರ್ ಅಂತರ. ನಮ್ಮ ಟ್ಯಾಂಕಿನಲ್ಲಿ 2 ಸೆಂಟಿಮೀಟರ್ ಅಂದರೆ 17.6 ಲೀಟರ್. ನಿಮಿಷಕ್ಕೆ 29 ಲೀಟರಿನ ಮೋಟರ್ ಅದನ್ನು 36 ಸೆಕೆಂಡಿನಲ್ಲಿ ತುಂಬಿಸುತ್ತದೆ. ಯಾರೋ ಒಂದೆರಡು ಬಕೆಟ್ ನೀರು ಹಿಡಿದರು, ಮೋಟರ್ ಶುರು. ಅರ್ಧ ನಿಮಿಷಕ್ಕೆ ಬಂದ್. ಇನ್ನೊಂದೆರಡು ಬಕೆಟ್, ಮತ್ತೆ ಶುರು. ಮೋಟರ್ ಶುರುವಾಗುವ ಗಳಿಗೆಯಲ್ಲಿ ಓಡುವಾಗಿನದಕ್ಕಿಂತ ಹಲವು ಪಟ್ಟು ಕರೆಂಟ್ ಎಳೆಯುತ್ತದೆ, ದಿನಕ್ಕೆ ಇಷ್ಟು ಸಲ ಹಾಗಾದರೆ ವೈಂಡಿಂಗ್ ಕಾಯುತ್ತದೆ.

ಈಗ ಎರಡು ಫ್ಲೋಟ್. ಕೆಳಗಿನದು ತಳದಿಂದ 30 ಸೆಂಟಿಮೀಟರ್, ಮೇಲಿನದು 105 ಸೆಂಟಿಮೀಟರ್, ಅದೂ ಓವರ್‌ಫ್ಲೋ ಪೈಪಿಗಿಂತ ಕೆಳಗೆ. ನಡುವೆ 75 ಸೆಂಟಿಮೀಟರ್, 660 ಲೀಟರ್. ತುಂಬಲು ಸುಮಾರು 23 ನಿಮಿಷ. ದಿನಕ್ಕೆ 800 ಲೀಟರ್ ಖರ್ಚಾಗುವ ಮನೆಯಲ್ಲೂ ಮೋಟರ್ ದಿನಕ್ಕೆ ಒಂದೆರಡು ಸಲ ಮಾತ್ರ ಶುರುವಾಗುತ್ತದೆ. 36 ಸೆಕೆಂಡ್ ಮತ್ತು 23 ನಿಮಿಷ, ಈ ಎರಡು ಅಂಕಿಯನ್ನು ಅಕ್ಕಪಕ್ಕ ಇಟ್ಟರೆ ಮುಗಿಯಿತು.

ಮೂರನೇ ಫ್ಲೋಟ್ ಸಂಪಿನಲ್ಲಿ. ನೀರಿದ್ದರೆ ಮಾತ್ರ ಮೋಟರಿಗೆ ಅನುಮತಿ. ಇಡೀ ಕೆಲಸ ಒಂದು ಸಾಲಿನಲ್ಲಿ ಹೀಗೆ:

```
MOTOR = SUMP AND (NOT HIGH) AND ((NOT LOW) OR MOTOR)
```

ಆಯಾ ಮಟ್ಟದಲ್ಲಿ ನೀರಿದ್ದರೆ 1, ಇಲ್ಲದಿದ್ದರೆ 0 ಅಂತ ಓದಿಕೊಳ್ಳಿ. ಕೊನೆಯಲ್ಲಿ ಬರುವ `MOTOR` ಅಂದರೆ "ಈಗಾಗಲೇ ಓಡುತ್ತಿದ್ದರೆ ಓಡುತ್ತಲೇ ಇರು" ಅನ್ನುವ ಮಾತು, ನೀವು ರಿಲೇ ಹಾಕಿ ಲ್ಯಾಚ್ ಮಾಡಿದ್ದು ಅದನ್ನೇ. ಈ ಸೂತ್ರವನ್ನು ಮೂರನೇ ಅಧ್ಯಾಯದಲ್ಲಿ ಇಡಿ. ಮೊದಲ ಅಧ್ಯಾಯದಲ್ಲಿ ಇದನ್ನೇ ಮಾತಿನಲ್ಲಿ ಬರೆಯಿರಿ: ಕೆಳಗಿನ ಮಟ್ಟಕ್ಕಿಂತ ನೀರು ಇಳಿದಾಗ ಮೋಟರ್ ಶುರುವಾಗುತ್ತದೆ, ಮೇಲಿನ ಮಟ್ಟ ಮುಟ್ಟುವ ತನಕ ನಿಲ್ಲುವುದಿಲ್ಲ, ನಡುವೆ ಸಂಪು ಖಾಲಿಯಾದರೆ ತಕ್ಷಣ ನಿಲ್ಲುತ್ತದೆ. ನಾಲ್ಕೂ ಜನ ಈ ವಾಕ್ಯವನ್ನು ಸೂತ್ರಕ್ಕೆ ತಾಳೆ ಹಾಕಿ ನೋಡಬೇಕು. ಟ್ಯಾಂಕ್ ಖಾಲಿ, ಅರ್ಧ ಏರುತ್ತಾ, ತುಂಬಿ, ಅರ್ಧ ಇಳಿಯುತ್ತಾ, ಹೀಗೆ ನಾಲ್ಕು ಸ್ಥಿತಿ. ಅರ್ಧ ಟ್ಯಾಂಕಿಗೆ ಎರಡು ಉತ್ತರ ಬರುತ್ತದೆ, ಏರುವಾಗ ಓಡುತ್ತದೆ, ಇಳಿಯುವಾಗ ಓಡುವುದಿಲ್ಲ. ಅದು ಯಾಕೆ ಅಂತ ಹೇಳಲು ಬಂದರೆ ಪ್ರಾಜೆಕ್ಟ್ ನಿಮಗೆ ಅರ್ಥವಾಗಿದೆ ಅಂತಲೇ ಲೆಕ್ಕ.

ಉದ್ದೇಶಗಳು

ಪ್ರತಿ ಉದ್ದೇಶಕ್ಕೂ ಒಂದು ಪರೀಕ್ಷೆ ಇರಬೇಕು, ಇದೊಂದೇ ನಿಯಮ. "ದಕ್ಷ, ಬಳಕೆದಾರ ಸ್ನೇಹಿ ವ್ಯವಸ್ಥೆ ರೂಪಿಸುವುದು" ಅಂತ ಬರೆದರೆ ಅದು ಆಯಿತೋ ಇಲ್ಲವೋ ಹೇಗೆ ಹೇಳುತ್ತೀರಿ? ಆ ಟೀಮಿನವರು ಮೂರೇ ಬರೆದರು. ನೀರು 105 ಸೆಂಟಿಮೀಟರ್ ಮುಟ್ಟಿದಾಗ, 1 ಸೆಂಟಿಮೀಟರ್ ಹೆಚ್ಚುಕಡಿಮೆಯೊಳಗೆ ಮೋಟರ್ ನಿಲ್ಲಬೇಕು, ಸತತ 20 ಸಲ. ಸಂಪಿನ ಫ್ಲೋಟ್ ಇಳಿದ 2 ಸೆಕೆಂಡಿನೊಳಗೆ ಮೋಟರ್ ನಿಲ್ಲಬೇಕು. ಯಾವುದೇ ಫ್ಲೋಟಿನ ವೈರ್ ಕಡಿದರೆ ಮೋಟರ್ ಓಡಬಾರದು.

ಮೂರನೆಯದನ್ನು ಸ್ವಲ್ಪ ಬಿಡಿಸಿ ಹೇಳುತ್ತೇನೆ, ಯಾಕೆಂದರೆ ಎಷ್ಟೋ ಟೀಮ್ ಇಲ್ಲೇ ಎಡವುತ್ತವೆ. ಮೇಲಿನ ಫ್ಲೋಟ್ ಟ್ಯಾಂಕ್ ತುಂಬಿದಾಗ ಕೂಡುವಂತೆ ಹಾಕಿದರೆ, ಆ ವೈರನ್ನು ಮಂಗ ಎಳೆದು ಕಡಿದರೂ ಸರ್ಕ್ಯೂಟಿಗೆ ಅದು "ಇನ್ನೂ ತುಂಬಿಲ್ಲ" ಅಂತಲೇ ಕಾಣುತ್ತದೆ. ಮೋಟರ್ ನಿಲ್ಲುವುದೇ ಇಲ್ಲ. ತುಂಬದೆ ಇರುವಾಗ ಕೂಡಿದ್ದು, ತುಂಬಿದಾಗ ಬಿಡುವಂತೆ ಹಾಕಿದರೆ ವೈರ್ ಕಡಿದರೂ ಮೋಟರ್ ನಿಲ್ಲುತ್ತದೆ. ಚಿಕ್ಕ ರೀಡ್ ಫ್ಲೋಟುಗಳಲ್ಲಿ ಗುಂಡನ್ನು ತೆಗೆದು ತಲೆಕೆಳಗು ಮಾಡಿ ಹಾಕಿದರೆ ಈ ಬದಲಾವಣೆ ಆಗುತ್ತದೆ, ಮಲ್ಟಿಮೀಟರ್ ಇಟ್ಟು ಖಾತ್ರಿ ಮಾಡಿಕೊಳ್ಳಿ. ಕೆಳಗಿನ ಫ್ಲೋಟ್ ನೀರು ಇಳಿದಾಗ ಕೂಡಬೇಕು, ಸಂಪಿನದು ನೀರಿದ್ದಾಗ ಕೂಡಬೇಕು. ಕೆಳಗಿನದಕ್ಕೆ ಒಂದು ವಿಷಯ ನೆನಪಿಡಿ: ಮೋಟರ್ ಲ್ಯಾಚ್ ಆಗಿ ಓಡುತ್ತಿರುವಾಗ ಅದರ ವೈರ್ ಕಡಿದರೆ ಆ ಸಲದ ತುಂಬುವಿಕೆ ಮುಗಿಯುವ ತನಕ ಓಡುತ್ತದೆ, ಮುಂದಿನ ಸಲ ಶುರುವಾಗುವುದಿಲ್ಲ. ಇದನ್ನು ನಾನು ತೋರಿಸಿದ ಮೇಲೆ ಅವರು ಉದ್ದೇಶದ ವಾಕ್ಯವನ್ನೇ ತಿದ್ದಿದರು: "ವೈರ್ ಕಡಿದರೆ ಟ್ಯಾಂಕ್ ಉಕ್ಕಬಾರದು, ಮೋಟರ್ ನೀರಿಲ್ಲದೆ ಓಡಬಾರದು." ಉದ್ದೇಶ ಹೀಗೆ ತಿದ್ದಿಸಿಕೊಳ್ಳುತ್ತಾ ಗಟ್ಟಿಯಾಗುತ್ತದೆ.

ವ್ಯಾಪ್ತಿ ಮತ್ತು ಮಿತಿ

ಮಿತಿ ಬರೆದರೆ ಮಾರ್ಕ್ಸ್ ಹೋಗುತ್ತದೆ ಅಂತ ಹುಡುಗರು ಹೆದರುತ್ತಾರೆ. ನನ್ನ ಅನುಭವದಲ್ಲಿ ತದ್ವಿರುದ್ಧ. ನೀವೇ ಬರೆದಿದ್ದರೆ ಪರೀಕ್ಷಕರು ಅದನ್ನು ನಿಮ್ಮ ಬುದ್ಧಿವಂತಿಕೆ ಅಂತ ನೋಡುತ್ತಾರೆ, ಅವರೇ ಹುಡುಕಿ ತೆಗೆದರೆ ನಿಮ್ಮ ತಪ್ಪು ಅಂತ ನೋಡುತ್ತಾರೆ.

ಈ ಸರ್ಕ್ಯೂಟಿಗೆ ಎಲ್ಲಕ್ಕಿಂತ ದೊಡ್ಡ ಮಿತಿ ಕರೆಂಟ್ ಹೋಗುವುದು. ಟ್ಯಾಂಕ್ ಅರ್ಧ ತುಂಬಿದಾಗ ಕರೆಂಟ್ ಹೋಯಿತು ಅಂದುಕೊಳ್ಳಿ. ರಿಲೇ ಲ್ಯಾಚ್ ಬಿಟ್ಟುಹೋಗುತ್ತದೆ. ಕರೆಂಟ್ ಬಂದಾಗ ಕೆಳಗಿನ ಫ್ಲೋಟ್ ಮುಳುಗಿರುತ್ತದೆ, ಹಾಗಾಗಿ ಮೋಟರ್ ತಾನಾಗಿ ಶುರುವಾಗುವುದಿಲ್ಲ, ನೀರು 30 ಸೆಂಟಿಮೀಟರಿಗೆ ಇಳಿಯುವ ತನಕ ಕಾಯುತ್ತದೆ. ಸೂತ್ರದಲ್ಲಿ `LOW` ಜಾಗಕ್ಕೆ 1, `MOTOR` ಜಾಗಕ್ಕೆ 0 ಹಾಕಿ ನೋಡಿ, ಕಾಣುತ್ತದೆ. ಇದು ಸರ್ಕ್ಯೂಟ್ ಕೆಟ್ಟದ್ದಲ್ಲ, ಅದರ ಸ್ವಭಾವ. ಆದರೆ ಬೇಸಿಗೆಯಲ್ಲಿ ಕರೆಂಟ್ ಇರುವಾಗಲೇ ಟ್ಯಾಂಕ್ ತುಂಬಿಸಿಕೊಳ್ಳಬೇಕು ಅನ್ನುವ ಮನೆಗೆ ಇದು ತೊಂದರೆ. ಅದಕ್ಕೆ ಒಂದು ಪುಶ್ ಬಟನ್ ಕೊಟ್ಟು, ಅದನ್ನು ಒತ್ತಿದರೆ ಅರ್ಧ ಟ್ಯಾಂಕಿನಲ್ಲೂ ಮೋಟರ್ ಶುರುವಾಗುವಂತೆ ಮಾಡಿದರು. ರಿಪೋರ್ಟಿನಲ್ಲಿ ಎರಡೂ ಬಂತು, ಮಿತಿಯೂ, ಅದಕ್ಕೆ ಮಾಡಿದ ದಾರಿಯೂ.

ಎರಡನೇ ಮಿತಿ ಮೋಟರಿನ ಗಾತ್ರ. ರೀಡ್ ಸ್ವಿಚ್ ತಾಳುವುದು ಬಹಳ ಕಡಿಮೆ ಕರೆಂಟ್, ಅದರ ಮೂಲಕ ಮೋಟರ್ ಓಡಿಸುವ ಹಾಗೇ ಇಲ್ಲ. ಬೋರ್ಡಿನ ಮೇಲಿನ ಚಿಕ್ಕ ನೀಲಿ ರಿಲೇ ಮೇಲೆ 10 ಆಂಪಿಯರ್ ಅಂತ ಬರೆದಿರುತ್ತದೆ ನಿಜ, ಆದರೆ ಅದು ಹೀಟರಿನಂಥ ಲೋಡಿಗೆ. ಮೋಟರಿನ ಸ್ಟಾರ್ಟಿಂಗ್ ಕರೆಂಟಿಗೆ ಕಾಂಟ್ಯಾಕ್ಟ್ ಬೆಸೆದುಕೊಳ್ಳಬಹುದು. ಆಗ ರಿಲೇ ಕಾಯಿಲ್ ಆಫ್ ಆದರೂ ಮೋಟರ್ ನಿಲ್ಲುವುದಿಲ್ಲ. ಎಲ್‌ಇಡಿ ಆರಿದೆ, ಮೋಟರ್ ಓಡುತ್ತಿದೆ ಅಂದರೆ ಇದೇ ಆಗಿದೆ ಅಂತ ಅನುಮಾನಿಸಿ. ಹಾಗಾಗಿ ರಿಲೇಯಿಂದ ಕಾಂಟ್ಯಾಕ್ಟರ್, ಕಾಂಟ್ಯಾಕ್ಟರ್‌ನಿಂದ ಮೋಟರ್. ಇಂಟ್ರೊಡಕ್ಷನ್ನಿನಲ್ಲಿ ಒಂದೇ ವಾಕ್ಯ ಸಾಕು: "ಫ್ಲೋಟಿನ ವೈರುಗಳಲ್ಲಿ 12 ವೋಲ್ಟ್ ಡಿಸಿ ಮಾತ್ರ ಇದೆ, ಮೋಟರನ್ನು ಕಾಂಟ್ಯಾಕ್ಟರ್ ಮೂಲಕ ನಡೆಸಲಾಗಿದೆ, ಸಿಂಗಲ್ ಫೇಸ್ ಅರ್ಧ ಎಚ್‌ಪಿ ಮೋಟರಿನ ಮೇಲೆ ಮಾತ್ರ ಪರೀಕ್ಷಿಸಲಾಗಿದೆ." ಹೊಲದ ಥ್ರೀ ಫೇಸ್ ಬೋರಿಗೂ ಆಗುತ್ತದೆ ಅಂತ ಸೇರಿಸಬೇಡಿ, ನೀವು ಅದನ್ನು ಮಾಡಿ ನೋಡಿಲ್ಲ.

ಜೋಡಿಸುವುದು

ಬರೆದ ಕ್ರಮದಲ್ಲೇ ಇಡಬೇಕು ಅಂತಿಲ್ಲ. ನಾನು ಮೊದಲು ಉದ್ದೇಶ ಬರೆಸುತ್ತೇನೆ, ಆಮೇಲೆ ಮಿತಿ, ಕೊನೆಗೆ ಮೊದಲ ಪ್ಯಾರಾ. ಪುಟದಲ್ಲಿ ಮಾತ್ರ ಈ ಕ್ರಮ ಇರಲಿ: ತೊಂದರೆ, ಬೇರೆ ದಾರಿಗಳು, ನಿಮ್ಮ ವಿಧಾನ, ಉದ್ದೇಶ, ಮಿತಿ, ಮುಂದಿನ ಅಧ್ಯಾಯಗಳ ಬಗ್ಗೆ ನಾಲ್ಕು ಸಾಲು. ಎಲ್ಲ ಸೇರಿ ಮೂರು ಪುಟ ಬಂದರೆ ಸಾಕು. ಒಂದು ಚಿತ್ರ ಹಾಕಿ, ಸಂಪು, ಮೋಟರ್, ಟ್ಯಾಂಕ್, ಮೂರು ಫ್ಲೋಟ್, ಪಕ್ಕದಲ್ಲಿ 30 ಮತ್ತು 105 ಸೆಂಟಿಮೀಟರಿನ ಗೆರೆ. ಸರ್ಕ್ಯೂಟ್ ಚಿತ್ರ ಇಲ್ಲಿ ಬೇಡ.

ಮಾಡಿ ಮುಗಿದ ಕೆಲಸವನ್ನು "ಮಾಡಲಾಗುವುದು" ಅಂತ ಬರೆಯಬೇಡಿ. ಸಿನಾಪ್ಸಿಸ್‌ನಿಂದ ಎತ್ತಿ ಹಾಕಿದ ವಾಕ್ಯಗಳಲ್ಲಿ ಇದು ಉಳಿದುಬಿಡುತ್ತದೆ, ಎಲ್ಲವನ್ನೂ "ಮಾಡಲಾಗಿದೆ" ಅಂತ ತಿದ್ದಿ. ಆಮೇಲೆ ನಾಲ್ಕು ಜನ ಒಟ್ಟಿಗೆ ಕೂತು ಒಬ್ಬರು ಜೋರಾಗಿ ಓದಿ, ಉಳಿದವರು ಪ್ರತಿ ಅಂಕಿಗೂ "ಎಲ್ಲಿಂದ ಬಂತು?" ಅಂತ ಕೇಳಿ. ಕಾಪಿಯಲ್ಲಿ ತೋರಿಸಲು ಆಗದ ಅಂಕಿಯನ್ನು ಹೊಡೆದುಹಾಕಿ. ಆ ಕಾಪಿಯನ್ನು ವೈವಾ ದಿನ ಬ್ಯಾಗಿನಲ್ಲಿ ಇಟ್ಟುಕೊಂಡು ಬನ್ನಿ, ನೀರು ಬಿದ್ದು ಒದ್ದೆಯಾಗಿದ್ದರೂ ಪರವಾಗಿಲ್ಲ.